ಬೆಲ್ಲ ಬೇರೆ, ಪಾನಕ ಬೇರೆ

ಚೈತ್ರ ವೈಶಾಖಗಳಲ್ಲಿ ತಾಂಡವಪುರ, ನಂಜನಗೂಡುಗಳ ಸುತ್ತಲಿನ ಊರುಗಳಲ್ಲಿ ಗೃಹಪ್ರವೇಶ, ಮದುವೆಗಳು ಸಾಲುಗಟ್ಟಿ ಬರುತ್ತವೆ. ಮದ್ಯದ ಮಾತೇ ಇಲ್ಲದ ಮನೆಗಳಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ದೊರೆಯುವುದು ಬೆಲ್ಲದ ಪಾನಕ. ಮಧುಮೇಹವುಳ್ಳ ಹಿರಿಯರು ಅಲ್ಲಿ ಕೈ ಹಿಂದೆಗೆಯುತ್ತಾರೆ. “ಅಜ್ಜನಿಗೆ ಶುಗರ್ ಇದೆ, ಬರೀ ನೀರು ಕೊಡಿ” ಎಂದು ಯಾರೋ ಕೂಗಿ ಹೇಳುತ್ತಾರೆ. ಸಂಕೋಚಕ್ಕೆ ಕುಡಿದುಬಿಡುವವರೂ ಉಂಟು. ಬೆಲ್ಲದಿಂದ ತೊಂದರೆಯಿಲ್ಲವೆಂಬ ನಂಬಿಕೆ ಸರಿಯಲ್ಲ. ಅದರಲ್ಲಿರುವುದೂ ಬಹುಪಾಲು ಸಕ್ಕರೆಯೇ.

ಇದಕ್ಕೆ ನಾವು ಸೂಚಿಸುವುದು, ಬೆಲ್ಲವನ್ನು ಹಂಡೆಗೆ ಹಾಕದೆ ಲೋಟಕ್ಕೆ ಹಾಕುವ ಕ್ರಮ. ನೂರು ಮಂದಿಯ ಕೂಟವೆಂದುಕೊಳ್ಳೋಣ. ಕುದಿಸಿ ಆರಿಸಿದ 15 ಲೀಟರ್ ನೀರಿಗೆ ಇಪ್ಪತ್ತು ನಿಂಬೆಹಣ್ಣಿನ ರಸ, ಮೂರು ಚಮಚ ಶುಂಠಿಪುಡಿ, ಹದಿನೈದು ಏಲಕ್ಕಿಯ ಪುಡಿ, ತುಸು ಉಪ್ಪು ಬೆರೆಸಿದರೆ 150 ಮಿಲಿಯ ನೂರು ಲೋಟಗಳಾಗುತ್ತವೆ. ಒಂದು ಕಿಲೋ ಬೆಲ್ಲವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಕುದಿಸಿ, ಸೋಸಿ ಪಕ್ಕದಲ್ಲಿಡಬೇಕು. ಬೇಕೆಂದವರ ಲೋಟಕ್ಕೆ ನಾಲ್ಕು ಚಹಾ ಚಮಚದಷ್ಟು ಬೆರೆಸಿದರೆ ಸುಮಾರು ಐವತ್ತು ಮಂದಿಗೆ ಸಾಲುತ್ತದೆ. ಎಲ್ಲರ ಕೈಯಲ್ಲಿಯೂ ಒಂದೇ ಬಗೆಯ ಲೋಟ, ಒಂದೇ ಪರಿಮಳ. “ಬೆಲ್ಲ ಹಾಕಲೇ?” ಎಂದು ಬಡಿಸುವವರು ಎಲ್ಲರನ್ನೂ ಕೇಳಬೇಕು; ವಯಸ್ಸಾದವರನ್ನು ಮಾತ್ರ ಕೇಳಿದರೆ ಹಳೆಯ ಮುಜುಗರವೇ ಮರಳುತ್ತದೆ.

ಬೆಲ್ಲದ ಪಾಕ ಬಳಿಯಲ್ಲಿರುವುದಕ್ಕೆ ಇನ್ನೊಂದು ಪ್ರಯೋಜನವಿದೆ. ಮಧುಮೇಹದ ಮಾತ್ರೆ ನುಂಗಿ, ಊಟದ ಪಂಕ್ತಿ ತಡವಾಗಿ, ಬೆವರಿ ನಡುಗುವವರಿಗೆ ಸಕ್ಕರೆ ಇಳಿದಿರುವ ಸಂಭವವುಂಟು. ಎಚ್ಚರವಿದ್ದು ನುಂಗಬಲ್ಲವರಾದರೆ ಅವರಿಗೆ ಆಗ ಬೇಕಾದುದು ಸಿಹಿ ಪಾನಕವೇ.

ಜೊತೆಗೆ ನೀರುಮಜ್ಜಿಗೆಯಿರಲಿ: ಐದು ಲೀಟರ್ ಮೊಸರಿಗೆ ಹತ್ತು ಲೀಟರ್ ನೀರು, ಶುಂಠಿ, ಕರಿಬೇವು. ರಕ್ತದೊತ್ತಡವುಳ್ಳವರನ್ನು ನೆನೆದು ಉಪ್ಪನ್ನು ಅರ್ಧಕ್ಕಿಳಿಸಿ, ಉಳಿದುದನ್ನು ಬಟ್ಟಲಿನಲ್ಲಿಡಬಹುದು. ಎಳನೀರು ಎಲ್ಲರಿಗೂ ಹಿತವೆಂಬ ಮಾತು ಮೂತ್ರಪಿಂಡ ದುರ್ಬಲವಾದವರ ಮಟ್ಟಿಗೆ ನಿಜವಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಅಂಥವರಿಗೆ ವೈದ್ಯರು ದಿನದ ನೀರನ್ನೂ ಅಳೆದುಕೊಟ್ಟಿರುವುದುಂಟು. ಆದ್ದರಿಂದ ಕೆಲವು ಸಣ್ಣ ಲೋಟಗಳನ್ನೂ ಇಟ್ಟುಕೊಂಡು, ಯಾರಿಗೂ ಎರಡನೆಯ ಲೋಟವನ್ನು ಬಲವಂತ ಮಾಡದಿರುವುದೇ ಉಪಚಾರ.

ಕುಡಿತ ಬಿಟ್ಟವರೂ ಈ ಕೂಟದಲ್ಲಿರುತ್ತಾರೆ. ದ್ರಾಕ್ಷಾರಿಷ್ಟದಂಥ ಔಷಧಗಳನ್ನು ಶರಬತ್ತಿನಂತೆ ಹಂಚುವ ಉತ್ಸಾಹ ಬೇಡ; ಅರಿಷ್ಟಾಸವಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರವಿರುತ್ತದೆ. ಬೆಲ್ಲ ಬೆರೆತ ಪಾನಕವೂ ಬೇಸಿಗೆಯ ಸೆಕೆಯಲ್ಲಿ ಬಹಳ ಹೊತ್ತು ಉಳಿದರೆ ಹುಳಿಯತೊಡಗುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡು, ವಾಸನೆ ಬದಲಾಗಿದ್ದರೆ ಚೆಲ್ಲಬೇಕು. ಸಂಜೆ ಬರುವ ಅತಿಥಿಗಳಿಗೆ ಹೊಸದಾಗಿ ಬೆರೆಸಿದರಾಯಿತು.