ಇಂದು ಉಳಿದ ತೆರಿಗೆ, ನಾಳೆಯ ಹೊಣೆ

ಯಾವುದೇ ಉತ್ಪಾದನಾ ಕಂಪನಿಯ ಬ್ಯಾಲೆನ್ಸ್ ಶೀಟ್ ತೆಗೆದು ನೋಡಿದರೂ ಸಾಲಗಳ ಆಸುಪಾಸಿನಲ್ಲಿ ‘ಡೆಫರ್ಡ್ ಟ್ಯಾಕ್ಸ್ ಲಯಬಿಲಿಟಿ’ ಎಂಬ ಸಾಲು ಸಾಮಾನ್ಯವಾಗಿ ಕಾಣುತ್ತದೆ. ಕನ್ನಡದಲ್ಲಿ ಮುಂದೂಡಿದ ತೆರಿಗೆಯ ಹೊಣೆ ಎನ್ನಬಹುದು. ಕಂಪನಿ ತೆರಿಗೆ ಕಟ್ಟದೆ ಬಾಕಿ ಉಳಿಸಿಕೊಂಡಿದೆ ಎಂದು ಹಲವು ಷೇರುದಾರರು ಇದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಅದು ತಪ್ಪು. ಈ ಮೊತ್ತಕ್ಕೆ ಇಲಾಖೆಯಿಂದ ನೋಟಿಸ್ ಬರುವುದಿಲ್ಲ, ಬಡ್ಡಿ ಬೀಳುವುದಿಲ್ಲ, ಚಲನ್ ತುಂಬಬೇಕಾಗಿಯೂ ಇಲ್ಲ. ಹೆಚ್ಚಿನ ಕಡೆ ಇದು ಹುಟ್ಟುವುದು ಒಂದೇ ಯಂತ್ರಕ್ಕೆ ಎರಡು ಕಾನೂನುಗಳು ಎರಡು ಬಗೆಯಲ್ಲಿ ಸವಕಳಿ ಲೆಕ್ಕ ಹಾಕುವುದರಿಂದ.

ಪೀಣ್ಯದ ಒಂದು ಎಂಜಿನಿಯರಿಂಗ್ ಕಂಪನಿ ಏಪ್ರಿಲ್ 1ರಂದು 30 ಲಕ್ಷ ರೂಪಾಯಿಯ ಸಿಎನ್‌ಸಿ ಲೇತ್ ಕೊಂಡು ಅಂದೇ ಕೆಲಸಕ್ಕೆ ಹಚ್ಚಿತು ಎಂದುಕೊಳ್ಳಿ. ಕಂಪನಿಯ ಲೆಕ್ಕಪುಸ್ತಕಗಳು ನಡೆಯುವುದು 2013ರ ಕಂಪನಿ ಕಾಯ್ದೆಯಂತೆ. ಅದರ 2ನೇ ಅನುಸೂಚಿಯ ಪ್ರಕಾರ ಒಂದೇ ಪಾಳಿಯಲ್ಲಿ ಓಡುವ ಸಾಮಾನ್ಯ ಯಂತ್ರದ ಆಯುಷ್ಯ 15 ವರ್ಷ. ಕೊನೆಗೆ ಗುಜರಿ ಬೆಲೆಯೆಂದು ಶೇ 5, ಅಂದರೆ ಒಂದೂವರೆ ಲಕ್ಷ ಉಳಿಯುತ್ತದೆ ಎಂದು ಕಂಪನಿ ಇಟ್ಟುಕೊಂಡಿದೆ. ಉಳಿದ 28.5 ಲಕ್ಷವನ್ನು 15 ವರ್ಷಕ್ಕೆ ಸಮನಾಗಿ ಹಂಚಿದರೆ ಪ್ರತಿ ವರ್ಷದ ಸವಕಳಿ 1.90 ಲಕ್ಷ.

ಆದಾಯ ತೆರಿಗೆಯ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಶೇ 15ರ ಸವಕಳಿ. ಅದನ್ನು ಮೂಲ ಬೆಲೆಯ ಮೇಲಲ್ಲ, ಪ್ರತಿ ವರ್ಷ ಕಳೆದು ಉಳಿದ ಮೌಲ್ಯದ ಮೇಲೆ ಹಾಕುತ್ತಾರೆ. ಹಾಗಾಗಿ ಮೊದಲ ವರ್ಷ 4.50 ಲಕ್ಷ, ಎರಡನೇ ವರ್ಷ ಉಳಿದ 25.50 ಲಕ್ಷದ ಮೇಲೆ 3.825 ಲಕ್ಷ. ಆರಂಭದಲ್ಲಿ ದೊಡ್ಡ ತುತ್ತು, ಬರಬರುತ್ತಾ ಸಣ್ಣ ತುತ್ತು.

ಈಗ ಮೊದಲ ವರ್ಷದ ಲೆಕ್ಕ ನೋಡೋಣ. ಪುಸ್ತಕದ ಸವಕಳಿ ಕಳೆದ ಮೇಲೆ ತೆರಿಗೆಗೆ ಮುಂಚಿನ ಲಾಭ 20 ಲಕ್ಷ ಇದೆ ಎನ್ನಿ. ತೆರಿಗೆ ಲೆಕ್ಕಕ್ಕೆ ಬರುವಾಗ ಪುಸ್ತಕದ 1.90 ಲಕ್ಷವನ್ನು ಕೂಡಿಸಿ, ತೆರಿಗೆ ಕಾನೂನಿನ 4.50 ಲಕ್ಷವನ್ನು ಕಳೆಯಬೇಕು. ತೆರಿಗೆಗೆ ಒಳಪಡುವ ಆದಾಯ 17.40 ಲಕ್ಷಕ್ಕೆ ಇಳಿಯುತ್ತದೆ. ವಿನಾಯಿತಿಗಳನ್ನು ಬಿಟ್ಟುಕೊಟ್ಟು ಶೇ 22ರ ದರ ಆರಿಸಿಕೊಂಡ ಕಂಪನಿಗೆ ಸರ್‌ಚಾರ್ಜ್ ಮತ್ತು ಸೆಸ್ ಸೇರಿ ದರ ಶೇ 25.168. ಆ ಲೆಕ್ಕದಲ್ಲಿ ಈ ವರ್ಷ ಕಟ್ಟಬೇಕಾದ ತೆರಿಗೆ 4,37,923 ರೂಪಾಯಿ.

ಇಷ್ಟನ್ನೇ ಬರೆದು ಬಿಟ್ಟರೆ ಲಾಭ ಉಬ್ಬಿದಂತೆ ಕಾಣುತ್ತದೆ. 20 ಲಕ್ಷ ಲಾಭಕ್ಕೆ ಶೇ 25.168ರಂತೆ 5,03,360 ರೂಪಾಯಿ ತೆರಿಗೆ ಆಗಬೇಕಿತ್ತು. ಕಡಿಮೆಯಾದ 65,437 ರೂಪಾಯಿ ಮನ್ನಾ ಆಗಿಲ್ಲ. ಯಂತ್ರದ ಸವಕಳಿಯನ್ನು ಈಗಲೇ ಹೆಚ್ಚು ತೆಗೆದುಕೊಂಡಿರುವುದರಿಂದ ಮುಂದೆ ಅಷ್ಟು ಕಡಿಮೆ ಸಿಗುತ್ತದೆ, ಆಗ ತೆರಿಗೆ ಹೆಚ್ಚಾಗುತ್ತದೆ. ಹಾಗಾಗಿ ಈ ಮೊತ್ತವನ್ನು ಇದೇ ವರ್ಷದ ತೆರಿಗೆ ಖರ್ಚಿಗೆ ಸೇರಿಸಿ, ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಯಾಗಿ ತೋರಿಸಬೇಕು. ಕಟ್ಟುವ ತೆರಿಗೆ ಮತ್ತು ಮುಂದೂಡಿದ ತೆರಿಗೆ ಎರಡನ್ನೂ ಕೂಡಿದರೆ ಸರಿಯಾಗಿ 5,03,360 ಬರುತ್ತದೆ. ಬೇರೆ ವ್ಯತ್ಯಾಸಗಳಿಲ್ಲದ ಕಡೆ ಲೆಕ್ಕ ತಾಳೆಯಾಗಿದೆಯೇ ಎಂದು ನೋಡಲು ಇದೇ ಸುಲಭ ಪರೀಕ್ಷೆ.

ಹೊಣೆಯನ್ನು ಕಂಡುಹಿಡಿಯಲು ವರ್ಷದ ಸವಕಳಿಗಳನ್ನು ಹೋಲಿಸುವುದಕ್ಕಿಂತ ವರ್ಷಾಂತ್ಯದ ಮೌಲ್ಯಗಳನ್ನು ಹೋಲಿಸುವ ದಾರಿ ಹೆಚ್ಚು ಭದ್ರ. ಮೊದಲ ವರ್ಷದ ಕೊನೆಗೆ ಪುಸ್ತಕದಲ್ಲಿ ಯಂತ್ರದ ಮೌಲ್ಯ 28.10 ಲಕ್ಷ, ತೆರಿಗೆ ಲೆಕ್ಕದಲ್ಲಿ 25.50 ಲಕ್ಷ. ಅಂತರ 2.60 ಲಕ್ಷ. ಅದನ್ನು ಶೇ 25.168ರಿಂದ ಗುಣಿಸಿದರೆ ಅದೇ 65,437. ದೊಡ್ಡ ಲಿಸ್ಟೆಡ್ ಕಂಪನಿಗಳು ಪಾಲಿಸುವ ಇಂಡ್ ಎಎಸ್ 12 ಎಂಬ ಮಾನದಂಡ ಹೇಳುವುದು ಈ ದಾರಿಯನ್ನೇ. ಸಣ್ಣ ಕಂಪನಿಗಳ ಎಎಸ್ 22 ಲಾಭಗಳ ವ್ಯತ್ಯಾಸದಿಂದ ಹೊರಡುತ್ತದೆ, ಆದರೆ ಇಂಥ ಯಂತ್ರದ ವಿಷಯದಲ್ಲಿ ಎರಡೂ ಒಂದೇ ಉತ್ತರಕ್ಕೆ ಬರುತ್ತವೆ.

ಹೆಚ್ಚಿನವರು ಎಡವುವುದು ಎರಡನೇ ವರ್ಷದಲ್ಲಿ. ಆ ವರ್ಷದ ಕೊನೆಗೆ ಪುಸ್ತಕದ ಮೌಲ್ಯ 26.20 ಲಕ್ಷ, ತೆರಿಗೆಯ ಮೌಲ್ಯ 21.675 ಲಕ್ಷ. ಅಂತರ 4.525 ಲಕ್ಷ, ಹೊಣೆ 1,13,885 ರೂಪಾಯಿ. ಆದರೆ ಇದು ಇಲ್ಲಿಯವರೆಗಿನ ಒಟ್ಟು ಬಾಕಿ. ಹಿಂದಿನ ವರ್ಷವೇ ಬರೆದ 65,437 ಅದರಲ್ಲಿ ಸೇರಿದೆ. ಹಾಗಾಗಿ ಎರಡನೇ ವರ್ಷದ ಖರ್ಚಿಗೆ ಹೋಗಬೇಕಾದ್ದು ಉಳಿದ 48,448 ಮಾತ್ರ. ಪೂರ್ತಿ 1,13,885ನ್ನು ಮತ್ತೆ ಖರ್ಚು ಹಾಕಿದರೆ ಲಾಭ ಸುಮ್ಮನೆ ಕುಗ್ಗುತ್ತದೆ. ಆಗ ಒಟ್ಟು ತೆರಿಗೆ ಲಾಭದ ಶೇ 25.168ಕ್ಕಿಂತ ಮೇಲೆ ಹೋಗುವುದರಿಂದ, ಮೇಲೆ ಹೇಳಿದ ಪರೀಕ್ಷೆಯಲ್ಲೇ ತಪ್ಪು ಸಿಕ್ಕಿಬೀಳುತ್ತದೆ.

ಈ ಹೊಣೆ ಹೀಗೇ ಬೆಳೆಯುತ್ತಾ ಹೋಗುವುದಿಲ್ಲ. ಆರನೇ ವರ್ಷ ತೆರಿಗೆ ಲೆಕ್ಕದ ಸವಕಳಿ ಸುಮಾರು 2 ಲಕ್ಷಕ್ಕೆ ಇಳಿದಿರುತ್ತದೆ. ಹೊಣೆ ಆಗ ತುದಿ ಮುಟ್ಟಿ ಸುಮಾರು 1.83 ಲಕ್ಷದಲ್ಲಿರುತ್ತದೆ. ಏಳನೇ ವರ್ಷ ತೆರಿಗೆ ಸವಕಳಿ ಸುಮಾರು 1.70 ಲಕ್ಷ, ಪುಸ್ತಕದ್ದು ಎಂದಿನಂತೆ 1.90 ಲಕ್ಷ. ಅಲ್ಲಿಂದ ಚಕ್ರ ತಿರುಗುತ್ತದೆ: ಕಟ್ಟುವ ತೆರಿಗೆ ಹೆಚ್ಚು, ಮುಂದೂಡಿದ ತೆರಿಗೆ ವಾಪಸ್. ಆ ವರ್ಷ ಹೊಣೆ ಸುಮಾರು 5,100 ರೂಪಾಯಿ ಇಳಿಯುತ್ತದೆ. ಮೊದಲು ಉಳಿದ ತೆರಿಗೆಯನ್ನು ಕಂಪನಿ ನಿಧಾನವಾಗಿ ತೀರಿಸುವುದು ಹೀಗೆ.

ಮೂರು ಸಂಗತಿಗಳು ಈ ಲೆಕ್ಕವನ್ನು ಅಲುಗಿಸುತ್ತವೆ. ಮೊದಲನೆಯದು ಯಂತ್ರ ಬಳಕೆಗೆ ಬಂದ ದಿನ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಓಡಿದ ಯಂತ್ರಕ್ಕೆ ತೆರಿಗೆ ಲೆಕ್ಕದಲ್ಲಿ ಅರ್ಧ ಸವಕಳಿ ಮಾತ್ರ. ನಮ್ಮ ಲೇತ್ ಅಕ್ಟೋಬರ್ 15ಕ್ಕೆ ಶುರುವಾಗಿದ್ದರೆ ಮೊದಲ ವರ್ಷ 4.50 ಲಕ್ಷದ ಬದಲು 2.25 ಲಕ್ಷ ಸಿಗುತ್ತಿತ್ತು. ಪುಸ್ತಕದಲ್ಲಿ ಮಾತ್ರ ಓಡಿದ ದಿನಗಳಿಗೆ ತಕ್ಕಷ್ಟೇ ಬರೆಯಬೇಕು.

ಎರಡನೆಯದು ದರ. ಹೊಣೆಯನ್ನು ಅಳೆಯಬೇಕಾದ್ದು ಬ್ಯಾಲೆನ್ಸ್ ಶೀಟಿನ ದಿನ ಜಾರಿಯಲ್ಲಿರುವ ಕಾನೂನಿನ ದರದಲ್ಲಿ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಶೇ 22ರ ದರ ಕೊಟ್ಟಾಗ, ಅದುವರೆಗೆ ಶೇ 34.944 ಕಟ್ಟುತ್ತಿದ್ದು ಹೊಸ ದರಕ್ಕೆ ಬಂದ ಕಂಪನಿಗಳು ಹಳೆಯ ಹೊಣೆಯನ್ನೆಲ್ಲ ಮತ್ತೆ ಅಳೆಯಬೇಕಾಯಿತು. ನಮ್ಮ 4.525 ಲಕ್ಷದ ಅಂತರಕ್ಕೆ ಹಳೆಯ ದರದಲ್ಲಿ ಸುಮಾರು 1.58 ಲಕ್ಷ ಹೊಣೆ, ಹೊಸ ದರದಲ್ಲಿ 1.14 ಲಕ್ಷ. ಇಳಿದ ಮೊತ್ತ ಲಾಭಕ್ಕೆ ಸೇರುತ್ತದೆ. ಅದರಿಂದ ಬರುವ ಲಾಭ ವ್ಯಾಪಾರದಿಂದ ಬಂದದ್ದಲ್ಲ, ಕೈಗೆ ನಗದೂ ಬರುವುದಿಲ್ಲ.

ಮೂರನೆಯದು ಎಂದಿಗೂ ಸರಿಹೋಗದ ವ್ಯತ್ಯಾಸಗಳು. ಕಾನೂನು ಮುರಿದು ಕಟ್ಟಿದ ದಂಡವನ್ನು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಯಾವ ವರ್ಷವೂ ಒಪ್ಪುವುದಿಲ್ಲ. ಮುಂದೆ ಸರಿಹೋಗುವ ಅಂತರವಲ್ಲವಾದ್ದರಿಂದ ಅದಕ್ಕೆ ಮುಂದೂಡಿದ ತೆರಿಗೆ ಇಲ್ಲ. ಯಂತ್ರದ ಸವಕಳಿಗೆ ಇರುವುದು ಒಂದಲ್ಲ ಒಂದು ದಿನ ಎರಡೂ ಲೆಕ್ಕಗಳು ಹತ್ತಿರ ಬಂದೇ ಬರುತ್ತವೆ ಎಂಬ ಕಾರಣಕ್ಕೆ.

ಕಂಪನಿ ಪ್ರತಿ ವರ್ಷ ಹೊಸ ಯಂತ್ರ ಕೊಳ್ಳುತ್ತಿದ್ದರೆ ಹಳೆಯದರ ಹೊಣೆ ಇಳಿಯುವಾಗ ಹೊಸದರ ಹೊಣೆ ಏರುತ್ತದೆ, ಒಟ್ಟು ಮೊತ್ತ ಕರಗುವುದೇ ಇಲ್ಲ. ಖರೀದಿ ನಿಂತ ಕೆಲವು ವರ್ಷಗಳ ಮೇಲೆ ಕಟ್ಟುವ ತೆರಿಗೆ ಏರತೊಡಗುತ್ತದೆ. ಆದ್ದರಿಂದ ವಾರ್ಷಿಕ ವರದಿ ಓದುವವರು ಈ ಸಾಲನ್ನು ಒಂಟಿಯಾಗಿ ನೋಡಬೇಡಿ. ಸ್ಥಿರಾಸ್ತಿಗಳ ಟಿಪ್ಪಣಿಯಲ್ಲಿ ಹೊಸ ಯಂತ್ರಗಳ ಖರೀದಿ ಎಷ್ಟಿದೆ, ತೆರಿಗೆ ಟಿಪ್ಪಣಿಯಲ್ಲಿ ಸವಕಳಿಯಿಂದ ಬಂದ ಪಾಲು ಎಷ್ಟಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಖರೀದಿ ಇಲ್ಲದೆಯೂ ಹೊಣೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಕಾರಣವೇನೆಂದು ಕಂಪನಿಯನ್ನು ಕೇಳಿ.