ಮೂರರಲ್ಲೊಂದು ಪಾಲು ತೆರೆದ ಗೋದಾಮು

ಗೋದಾಮಿನ ಬಾಡಿಗೆಗೆ ಒಂದು ಹಟವಿದೆ. ಒಳಗೆ ಒಂದೇ ಮೂಟೆ ಇದ್ದರೂ ಸಾವಿರ ಇದ್ದರೂ ತಿಂಗಳಿಗೆ ಅದೇ ಹಣ. ಬಾಗಿಲು ಮುಚ್ಚಿದರೆ ಮಾತ್ರ ಸೊನ್ನೆ. ಲಾರಿ ಬಾಡಿಗೆಯಂತೆ ಇದು ಸರಕಿನ ಜೊತೆ ಏರಿಳಿಯುವುದಿಲ್ಲ. ಹಾಗಾಗಿ ಪ್ರತಿ ಜಾಗಕ್ಕೂ y ಎಂಬ ಬೈನರಿ ಚರಾಕ್ಷರ ಇಡುತ್ತಾರೆ: ಗೋದಾಮು ತೆರೆದರೆ 1, ಇಲ್ಲದಿದ್ದರೆ 0. ಯಾವ ಊರಿನ ಬೇಡಿಕೆಯ ಎಷ್ಟು ಪಾಲು ಯಾವ ಗೋದಾಮಿನಿಂದ ಎಂಬುದನ್ನು x ಹೇಳುತ್ತದೆ. ಮುಚ್ಚಿದ ಗೋದಾಮಿನಿಂದ ಸರಕು ಹೊರಡಬಾರದು ಎಂಬ ನಿರ್ಬಂಧ ಇವೆರಡನ್ನೂ ಬೆಸೆಯುತ್ತದೆ. ಆ ನಿರ್ಬಂಧವನ್ನು ಹೇಗೆ ಬರೆಯುತ್ತೇವೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಹುಬ್ಬಳ್ಳಿ, ದಾವಣಗೆರೆ, ತುಮಕೂರು ಮೂರೂ ಕಡೆ ಗ್ರಾಹಕರಿದ್ದಾರೆ, ಮೂರೂ ಕಡೆ ಗೋದಾಮು ಸಿಗುತ್ತದೆ ಎಂದುಕೊಳ್ಳಿ. ಬಾಡಿಗೆ ತಲಾ 50 ಸಾವಿರ ರೂಪಾಯಿ. ಒಂದೂರಿನ ತಿಂಗಳ ಸರಕನ್ನು ಹುಬ್ಬಳ್ಳಿ–ದಾವಣಗೆರೆ ನಡುವೆ ಸಾಗಿಸಲು 30 ಸಾವಿರ, ದಾವಣಗೆರೆ–ತುಮಕೂರು ನಡುವೆ 40 ಸಾವಿರ, ಈ ತುದಿಯಿಂದ ಆ ತುದಿಗೆ 70 ಸಾವಿರ. ಊರೊಳಗಿನ ಸಾಗಣೆ ಲೆಕ್ಕಕ್ಕಿಲ್ಲ. ದಾವಣಗೆರೆಯಲ್ಲಿ ಮಾತ್ರ ತೆರೆದರೆ ಒಟ್ಟು 120 ಸಾವಿರ. ಉಳಿದ ಆರು ಆಯ್ಕೆಗಳಲ್ಲಿ ಯಾವುದೂ 130ಕ್ಕಿಂತ ಕೆಳಗಿಳಿಯುವುದಿಲ್ಲ.

ಕಂಪ್ಯೂಟರ್ ಇದನ್ನು ಹುಡುಕುವಾಗ ಮೊದಲು y ಭಿನ್ನರಾಶಿಯಾದರೂ ಸರಿ ಎಂದು ಒಪ್ಪಿ, ವೆಚ್ಚದ ಕೆಳಮಿತಿ ತಿಳಿದುಕೊಳ್ಳುತ್ತದೆ. ಪ್ರತಿ ಗೋದಾಮಿಗೆ ಒಂದೇ ನಿರ್ಬಂಧ ಬರೆದೆವು ಎನ್ನಿ:

```
x1 + x2 + x3 <= 3*y
```

ಆಗ ಪ್ರತಿ ಊರೂ ತನ್ನದೇ ಗೋದಾಮಿನಿಂದ ಸರಕು ಪಡೆಯುತ್ತದೆ, ಪ್ರತಿ y ಮೂರರಲ್ಲೊಂದು ಪಾಲಿಗೆ ನಿಲ್ಲುತ್ತದೆ. ಸಾಗಣೆ ಸೊನ್ನೆ, ಬಾಡಿಗೆ ಒಟ್ಟು 50 ಸಾವಿರ. ನಿಜವಾದ ಉತ್ತರ 120 ಇರುವಾಗ 50 ಎಂಬ ಕೆಳಮಿತಿಯಿಂದ ಏನೂ ತಿಳಿಯುವುದಿಲ್ಲ. ಜಾಗಗಳು ನೂರಾರಾದರೆ ಇದನ್ನು ಮೇಲೆತ್ತಲು ಯಂತ್ರ ಕವಲೊಡೆಯುತ್ತಲೇ ಹೋಗುತ್ತದೆ.

ಅದೇ ನಿರ್ಬಂಧವನ್ನು ಊರಿಗೊಂದರಂತೆ ಬಿಡಿಸಿ ಬರೆಯಿರಿ:

```
x1 <= y
x2 <= y
x3 <= y
```

ಈಗ ಒಂದೂರಿಗೆ ಪೂರ್ತಿ ಸರಕು ಕೊಡುವ ಗೋದಾಮು ಪೂರ್ತಿ ತೆರೆಯಲೇಬೇಕು. ಭಿನ್ನರಾಶಿಗೆ ಅವಕಾಶ ಇದ್ದರೂ ಕೆಳಮಿತಿ ನೇರ 120 ಸಾವಿರಕ್ಕೇ ಬಂದು ನಿಲ್ಲುತ್ತದೆ, ದಾವಣಗೆರೆಯ y 1 ಆಗುತ್ತದೆ. ಕವಲೊಡೆಯುವ ಪ್ರಮೇಯವೇ ಇಲ್ಲ. ಎಲ್ಲ ಸಮಸ್ಯೆಗಳಲ್ಲೂ ಇಷ್ಟು ಸಲೀಸಾಗದಿದ್ದರೂ ಅಂತರ ಸಾಮಾನ್ಯವಾಗಿ ಬಹಳ ಕಿರಿದಾಗುತ್ತದೆ. ಮೂರು ಸಾಲಿದ್ದಲ್ಲಿ ಒಂಬತ್ತಾದವು, ಆದರೂ ಕೆಲಸ ಹಗುರವಾಯಿತು! ನಿರ್ಬಂಧ ಬರೆಯುವ ಈ ವಿದ್ಯೆಯಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಇದೇ. 1966ರಲ್ಲಿ ಇಂಥದೇ ಸಮಸ್ಯೆಗೆ ಸಂಶೋಧಕರಾದ ಎಫ್ರಾಯ್ಮ್ಸನ್ ಮತ್ತು ರೇ ಮೊದಲಿನ, ಒಟ್ಟುಗೂಡಿಸಿದ ರೂಪವನ್ನೇ ಬಳಸಿದ್ದರು. 1978ರಲ್ಲಿ ಎರ್ಲೆನ್‌ಕಾಟರ್ ಬಿಡಿಸಿದ ರೂಪದ ಬಿಗಿಯನ್ನೇ ಆಧಾರವಾಗಿಟ್ಟುಕೊಂಡು ವೇಗದ ವಿಧಾನವೊಂದನ್ನು ಕೊಟ್ಟರು.

ಪಾಲಿನ ಬದಲು ಮೂಟೆಗಳಲ್ಲೇ ಲೆಕ್ಕ ಹಾಕಿ, y ಮುಂದೆ 3ರ ಬದಲು ಕೈಗೆ ಬಂದಂತೆ ಒಂದು ಕೋಟಿ ಹಾಕುವವರಿಗೆ ಇನ್ನೊಂದು ಅಪಾಯವಿದೆ. ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ 0.00001ರಷ್ಟು ವ್ಯತ್ಯಾಸವನ್ನು ಸೊನ್ನೆಯೆಂದೇ ಒಪ್ಪುತ್ತವೆ. ಒಂದು ಕೋಟಿಯಿಂದ ಗುಣಿಸಿದರೆ ಅದು ನೂರು ಮೂಟೆ. ಮುಚ್ಚಿದ ಗೋದಾಮಿನಿಂದ, ಹೆಚ್ಚುಕಡಿಮೆ ಬಾಡಿಗೆಯೇ ಇಲ್ಲದೆ, ನೂರು ಮೂಟೆ ಹೊರಡುತ್ತದೆ. ಉತ್ತರ ಬಂದ ಮೇಲೆ y ಸೊನ್ನೆ ಇರುವ ಪ್ರತಿ ಗೋದಾಮಿನ ಮುಂದೆ x ಎಷ್ಟಿದೆ ಎಂದು ಒಮ್ಮೆ ನೋಡಿಬಿಡಿ.