ಶೇಕಡಾ ಹದಿನಾರು ಎಂದರೆ ಎಷ್ಟು?

ಠಾಣೆ, ಡೊಂಬಿವಲಿ, ಕಲ್ಯಾಣಗಳ ಓದುಗರೂ 2020ರಲ್ಲಿ ಮುಂಬಯಿಯ ಒಂದು ಅಂಕಿಯನ್ನು ಪತ್ರಿಕೆಗಳಲ್ಲಿ ಕಂಡರು. ಆ ವರ್ಷದ ಜುಲೈಯಲ್ಲಿ ಮಾಟುಂಗಾ, ಚೆಂಬೂರು, ದಹಿಸರ್ ಕಡೆಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆದಿತ್ತು. ಕೊಳೆಗೇರಿಗಳ ಹೊರಗಿನ ಸುಮಾರು 2,700 ಮಂದಿಯಲ್ಲಿ ಶೇಕಡಾ 16ರಷ್ಟು ಜನರಿಗೆ ಕೊರೋನಾ ತಗಲಿಹೋದ ಕುರುಹು ಕಂಡಿತು. ಪರೀಕ್ಷೆಗೊಳಗಾಗದ ಲಕ್ಷಾಂತರ ಜನರಲ್ಲಿಯೂ ಪ್ರಮಾಣ ಸರಿಯಾಗಿ 16 ಎನ್ನಬಹುದೆ? ಆಗದು, ಬೇರೆ 2,700 ಮಂದಿಯನ್ನು ಆರಿಸಿದ್ದರೆ 15 ಬಂದೀತು, 17 ಬಂದೀತು.

ಚೀಟಿ ಎತ್ತಿದಂತೆ ಜನರನ್ನು ಆರಿಸಿದ್ದರೆ ಈ ಓಲಾಟಕ್ಕೆ ಸುಲಭವಾದ ಲೆಕ್ಕವುಂಟು. 16ನ್ನು ಉಳಿದ 84ರಿಂದ ಗುಣಿಸಿ, 2,700ರಿಂದ ಭಾಗಿಸಿ, ವರ್ಗಮೂಲ ತೆಗೆದು, ಇಮ್ಮಡಿಸಬೇಕು. ಉತ್ತರ ಸುಮಾರು 1.4, ಅಂದರೆ 14.6ರಿಂದ 17.4ರವರೆಗೆ. ಇದೇ ವಿಶ್ವಾಸಾಂತರ, ನಕ್ಷೆಯ ಕಂಬದ ತುದಿಯಲ್ಲಿ ಕಾಣುವ ಸಣ್ಣ ಗೆರೆಯೂ ಇದೇ. ಕೇವಲ ನೂರು ಮಂದಿಯನ್ನು ಕೇಳಿದ್ದರೆ ಅದು 9ರಿಂದ 23ರವರೆಗೆ ಚಾಚುತ್ತಿತ್ತು. ಇಂಥ ಸಮೀಕ್ಷೆಯನ್ನು ನೂರು ಸಲ ನಡೆಸಿದರೆ, ಸುಮಾರು 95 ಸಲ ನಿಜವಾದ ಪ್ರಮಾಣವು ಆಯಾ ಅಂತರದೊಳಗೆ ಸಿಕ್ಕುತ್ತದೆ.

ಆದರೆ ಗೆರೆ ಅಳೆಯುವುದು ಆಯ್ಕೆಯ ಆಕಸ್ಮಿಕವನ್ನು ಮಾತ್ರ. ರಕ್ತ ಕೊಡಲೊಪ್ಪದೆ ಬಾಗಿಲು ಹಾಕಿಕೊಂಡವರ ಸಂಗತಿ ಅದಕ್ಕೆ ತಿಳಿಯದು. ಡೊಂಬಿವಲಿಯಂತೂ ಆ ಸಮೀಕ್ಷೆಯ ಕ್ಷೇತ್ರವೇ ಆಗಿರಲಿಲ್ಲ. ಅಂತರ ಎಷ್ಟೇ ಕಿರಿದಾಗಿರಲಿ, ಇಲ್ಲಿಯ ಪ್ರಮಾಣವನ್ನು ಅದರಿಂದ ಹೇಳಲಾಗದು.